ಕ್ಲೌಡ್‌ನಲ್ಲಿಟ್ಟ ಲೆಕ್ಕಕ್ಕೆ ಹೊಣೆ ಯಾರು?

ಕೋಲಾರದ ಎಪಿಎಂಸಿಯಲ್ಲಿ ಟೊಮ್ಯಾಟೊ ಮಂಡಿ ನಡೆಸುವವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರಲು ಬರುವವರು ಕೊನೆಯಲ್ಲಿ ಒಂದು ಮಾತು ಸೇರಿಸುವುದುಂಟು: "ಎಲ್ಲವೂ ಕ್ಲೌಡ್‌ನಲ್ಲಿರುತ್ತದೆ ಅಣ್ಣ, ಸೆಕ್ಯುರಿಟಿ ಅವರೇ ನೋಡಿಕೊಳ್ಳುತ್ತಾರೆ." ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ "ಅವರು" ಯಾರು, ಅವರು ನೋಡಿಕೊಳ್ಳುವುದು ಯಾವುದನ್ನು, ಯಾವುದಕ್ಕೆ ಕೈ ಹಾಕುವುದೇ ಇಲ್ಲ ಎಂಬುದನ್ನು ಮಾರುವವರು ಬಿಡಿಸಿ ಹೇಳುವುದಿಲ್ಲ. ಕೊಳ್ಳುವವರಿಗೂ ಕೇಳಬೇಕೆಂದು ಹೊಳೆಯುವುದಿಲ್ಲ.

ಈಗ ಕೇಳುವ ಕಾಲ ಬಂದಿದೆ. ಒಂದು ಮಂಡಿಯ ಲೆಕ್ಕದಲ್ಲಿ ರೈತರ ಹೆಸರು, ಊರು, ಮೊಬೈಲ್ ಸಂಖ್ಯೆ, ಬ್ಯಾಂಕ್ ಖಾತೆ, ಯಾರಿಗೆ ಎಷ್ಟು ಮುಂಗಡ ಹೋಗಿದೆ ಎಂಬ ಬಾಕಿ, ಕೆಲವೆಡೆ ಆಧಾರ್ ಕಾರ್ಡಿನ ಚಿತ್ರವೂ ಇರುತ್ತದೆ. ಇಂಥ ಮಾಹಿತಿ ಸೋರಿದರೆ ಯಾರು ಉತ್ತರ ಕೊಡಬೇಕೆಂದು ಹೇಳುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು 2023ರಲ್ಲೇ ಸಂಸತ್ತು ಅಂಗೀಕರಿಸಿತ್ತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಭದ್ರತೆಯ ಕುರಿತ ನಿಯಮಗಳನ್ನು ಪಾಲಿಸಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ.

## ಗೆರೆ ಎಳೆದವರು ಯಾರು

ಕ್ಲೌಡ್ ಎಂದರೆ ಬೇರೆಯವರ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆಯುವುದು. ಅಮೆಜಾನ್ ವೆಬ್ ಸರ್ವೀಸಸ್ 2016ರಲ್ಲಿ ಮುಂಬೈಯಲ್ಲಿ, 2022ರಲ್ಲಿ ಹೈದರಾಬಾದಿನಲ್ಲಿ ಇಂಥ ಕೇಂದ್ರಗಳ ಗುಂಪನ್ನು ತೆರೆಯಿತು. ಮೈಕ್ರೋಸಾಫ್ಟ್ ಮತ್ತು ಗೂಗಲ್ ಕೂಡ ದೇಶದೊಳಗೇ ಕೇಂದ್ರಗಳನ್ನು ಇಟ್ಟುಕೊಂಡಿವೆ. ಇವರನ್ನು ಈ ಲೇಖನದಲ್ಲಿ ಪೂರೈಕೆದಾರರು ಎನ್ನೋಣ.

ಬಾಡಿಗೆಗೆ ಕೊಟ್ಟ ಮೇಲೆ ಸುರಕ್ಷತೆಯ ಕೆಲಸ ಯಾರದ್ದು ಎಂಬುದಕ್ಕೆ ಮೂವರೂ ಬಹಿರಂಗವಾಗಿ ಪ್ರಕಟಿಸಿರುವ ಒಂದು ಹಂಚಿಕೆ ಇದೆ. ಅದಕ್ಕೆ ಹಂಚಿಕೆಯ ಹೊಣೆಗಾರಿಕೆ ಮಾದರಿ ಎಂದು ಹೆಸರು. ಅಮೆಜಾನ್ ಇದನ್ನು ಎರಡು ತುಂಡಾಗಿ ಹೇಳುತ್ತದೆ: ಕ್ಲೌಡ್‌ನ ಸುರಕ್ಷತೆ ತನ್ನದು, ಕ್ಲೌಡ್‌ನ ಒಳಗೆ ಇಟ್ಟದ್ದರ ಸುರಕ್ಷತೆ ಗ್ರಾಹಕರದ್ದು.

ಎಪಿಎಂಸಿ ಅಂಗಳವನ್ನೇ ನೆನೆಸಿಕೊಳ್ಳಿ. ಕಾಂಪೌಂಡು, ಗೇಟು, ರಸ್ತೆ, ದೀಪ, ಕಾವಲು ಸಮಿತಿಯವು. ಅಂಗಡಿಯ ಶಟರ್ ಎಳೆದು ಬೀಗ ಹಾಕುವುದು, ಬೀಗದ ಕೈಯನ್ನು ಯಾವ ಗುಮಾಸ್ತನಿಗೆ ಕೊಡಬೇಕೆಂದು ತೀರ್ಮಾನಿಸುವುದು, ಗಲ್ಲಾಪೆಟ್ಟಿಗೆಯನ್ನು ತೆರೆದಿಟ್ಟು ಟೀಗೆ ಹೋಗದಿರುವುದು ಮಂಡಿಯವರ ಕೆಲಸ. ಕಾಂಪೌಂಡು ಕುಸಿದು ಕಳವಾದರೆ ಸಮಿತಿಯನ್ನು ಕೇಳಬಹುದು. ಶಟರ್ ಹಾಕದೆ ಹೋದದ್ದಕ್ಕೆ ಸಮಿತಿಯನ್ನು ಕೇಳಲಾಗದು. ಹೋಲಿಕೆ ಇಷ್ಟಕ್ಕೆ ಸಾಕು, ಏಕೆಂದರೆ ಅಂಗಳದಲ್ಲಿ ಯಾವುದು ಯಾರದ್ದೆಂಬುದು ಬದಲಾಗುವುದಿಲ್ಲ. ಕ್ಲೌಡ್‌ನಲ್ಲಿ ನೀವು ಯಾವ ಬಗೆಯ ಸೇವೆ ತೆಗೆದುಕೊಂಡಿದ್ದೀರಿ ಎಂಬುದರ ಮೇಲೆ ಗೆರೆಯೇ ಮೇಲೆ ಕೆಳಗೆ ಸರಿಯುತ್ತದೆ. ತೊಡಕು ಇರುವುದು ಅಲ್ಲಿ.

ಆದ್ದರಿಂದ ಒಂದೇ ಮಂಡಿಯ ಒಂದೇ ಲೆಕ್ಕವನ್ನು ಮೂರು ರೀತಿಯಲ್ಲಿ ಇಟ್ಟು ನೋಡೋಣ. ಮಂಡಿ ಊಹೆಯದು, ಅದಕ್ಕೆ ಆಗುವುದೆಲ್ಲ ದಿನನಿತ್ಯ ಆಗುವಂಥದ್ದು.

## ಮೊದಲ ರೀತಿ: ಖಾಲಿ ಯಂತ್ರದ ಬಾಡಿಗೆ

ಮಂಡಿಗೆ ಸಾಫ್ಟ್‌ವೇರ್ ಬರೆದುಕೊಟ್ಟ ಇಂಜಿನಿಯರ್ ಅಮೆಜಾನ್‌ನಿಂದ ಒಂದು ಸರ್ವರ್ ಬಾಡಿಗೆಗೆ ಪಡೆದ ಎಂದುಕೊಳ್ಳಿ. ಅದಕ್ಕೆ ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಅದರ ಮೇಲೆ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಹಾಕಿ, ಅದರೊಳಗೆ ರೈತರ ಲೆಕ್ಕ ಇಟ್ಟ.

ಇಲ್ಲಿ ಪೂರೈಕೆದಾರರ ಪಾಲು ಏನು? ಕಟ್ಟಡ, ಕಾವಲು, ವಿದ್ಯುತ್, ತಂಪು, ಯಂತ್ರಗಳು, ಹಳೆಯ ಡಿಸ್ಕನ್ನು ಹೊರಗೆ ಕಳಿಸುವ ಮುನ್ನ ಅಳಿಸುವುದು, ಒಂದೇ ಭೌತಿಕ ಯಂತ್ರದ ಮೇಲೆ ಓಡುತ್ತಿರುವ ಹಲವು ಬಾಡಿಗೆದಾರರು ಒಬ್ಬರದ್ದನ್ನೊಬ್ಬರು ನೋಡದಂತೆ ಬೇರ್ಪಡಿಸುವುದು. ಈ ಕೊನೆಯ ಕೆಲಸ ಹೊರಗೆ ಕಾಣುವುದಿಲ್ಲ, ಆದರೆ ಇಡೀ ವ್ಯಾಪಾರ ನಿಂತಿರುವುದೇ ಅದರ ಮೇಲೆ.

ಅದರ ಮೇಲಿನದ್ದೆಲ್ಲ ಗ್ರಾಹಕರ ಪಾಲು. ಉಬುಂಟುವಿಗೆ ಬರುವ ಸುರಕ್ಷತಾ ತಿದ್ದುಪಡಿಗಳನ್ನು ಹಾಕುವುದು, ಡೇಟಾಬೇಸಿನ ಪಾಸ್‌ವರ್ಡ್, ಬ್ಯಾಕಪ್ ಮತ್ತು ಫೈರ್‌ವಾಲ್. ಫೈರ್‌ವಾಲ್ ಎಂದರೆ ಯಾವ ವಿಳಾಸದಿಂದ ಬಂದವರನ್ನು ಯಾವ ಬಾಗಿಲಲ್ಲಿ ಒಳಗೆ ಬಿಡಬೇಕೆಂಬ ಪಟ್ಟಿ. ಬಾಗಿಲುಗಳಿಗೆ ಸಂಖ್ಯೆಗಳಿವೆ, ಅವುಗಳನ್ನು ಪೋರ್ಟ್ ಎನ್ನುತ್ತಾರೆ. 443 ವೆಬ್‌ಸೈಟಿಗೆ, 22 ಸರ್ವರಿನ ಒಳಹೊಕ್ಕು ಕೆಲಸ ಮಾಡುವುದಕ್ಕೆ, 3306 ಮೈಎಸ್‌ಕ್ಯೂಎಲ್‌ಗೆ.

ಈಗ ಸೀಸನ್. ಹರಾಜಿನ ಹೊತ್ತಿನಲ್ಲಿ ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಮುದ್ರಣವಾಗುತ್ತಿಲ್ಲ, ರೈತರು ಕೌಂಟರಿನ ಮುಂದೆ ನಿಂತಿದ್ದಾರೆ, ಮಂಡಿಯಿಂದ ಫೋನಿನ ಮೇಲೆ ಫೋನು. ಇಂಜಿನಿಯರ್ ಬೆಂಗಳೂರಿನ ಮನೆಯಲ್ಲಿದ್ದಾನೆ. ಅವನ ಮನೆಯ ಇಂಟರ್ನೆಟ್ ವಿಳಾಸ ಆಗಾಗ ಬದಲಾಗುವುದರಿಂದ ಫೈರ್‌ವಾಲ್ ಅವನನ್ನೇ ತಡೆಯುತ್ತದೆ. ಅವನು ತಾತ್ಕಾಲಿಕವೆಂದುಕೊಂಡು ಹೀಗೆ ಬರೆಯುತ್ತಾನೆ:

```
SSH            TCP   22     0.0.0.0/0
MYSQL/Aurora   TCP   3306   0.0.0.0/0
```

ಕೊನೆಯಲ್ಲಿರುವ `0.0.0.0/0` ಎಂದರೆ ಭೂಮಿಯ ಮೇಲಿನ ಯಾವುದೇ ವಿಳಾಸ. ಪಟ್ಟಿ ಮುದ್ರಣವಾಯಿತು, ರೈತರು ಹೊರಟರು, ಇಂಜಿನಿಯರ್ ಮಲಗಿದ. ಆ ಎರಡು ಸಾಲು ಉಳಿದುಕೊಂಡವು.

ಮಂಡಿಯನ್ನು ಯಾರೂ ಗುರಿ ಇಟ್ಟು ಹುಡುಕಬೇಕಾಗಿಲ್ಲ. ಇಂಟರ್ನೆಟ್ಟಿನ ಎಲ್ಲ ವಿಳಾಸಗಳ ಬಾಗಿಲುಗಳನ್ನು ತಟ್ಟುತ್ತಾ ಹೋಗುವ ಸ್ವಯಂಚಾಲಿತ ಪ್ರೋಗ್ರಾಂಗಳು ಹಗಲಿರುಳು ಓಡುತ್ತಿರುತ್ತವೆ. ಬಾಗಿಲು ತೆರೆದ ಕೆಲವೇ ಗಂಟೆಗಳಲ್ಲಿ ಸರ್ವರಿನ `/var/log/auth.log` ಕಡತದಲ್ಲಿ ಇಂಥ ಸಾಲುಗಳು ಒಂದರ ಕೆಳಗೊಂದು ಬೀಳತೊಡಗುತ್ತವೆ:

```
Invalid user admin from 203.0.113.45 port 51122
```

ಅವು 3306ನ್ನೂ ತಟ್ಟುತ್ತವೆ. ಡೇಟಾಬೇಸಿನ ಪಾಸ್‌ವರ್ಡ್ ಊಹಿಸುವಷ್ಟು ಸುಲಭವಾಗಿದ್ದರೆ ಒಳಗೆ ಹೊಕ್ಕ ಪ್ರೋಗ್ರಾಂ ಲೆಕ್ಕದ ಕೋಷ್ಟಕಗಳನ್ನು ನಕಲು ಮಾಡಿಕೊಂಡು ಅಥವಾ ನಕಲನ್ನೂ ಮಾಡದೆ ಅಳಿಸುತ್ತದೆ. ಅವುಗಳ ಜಾಗದಲ್ಲಿ ಬಿಟ್‌ಕಾಯಿನ್ ಕಳಿಸಿದರೆ ಹಿಂದಿರುಗಿಸುತ್ತೇವೆ ಎಂಬ ಬರಹವಿರುವ ಒಂದು ಹೊಸ ಕೋಷ್ಟಕವನ್ನು ಬಿಟ್ಟು ಹೋಗುತ್ತದೆ. ಹಣ ಕೊಟ್ಟರೂ ಲೆಕ್ಕ ಮರಳುತ್ತದೆಂಬ ಖಾತ್ರಿ ಇಲ್ಲ.

ಇಷ್ಟಾಗುವಾಗ ಅಮೆಜಾನ್ ಏಕೆ ಸುಮ್ಮನಿತ್ತು? ಪೂರ್ತಿ ಸುಮ್ಮನಿರಲಿಲ್ಲ. ಟ್ರಸ್ಟೆಡ್ ಅಡ್ವೈಸರ್ ಎಂಬ ಅದರ ಪುಟ ಹೀಗೆ ತೆರೆದಿಟ್ಟ ಬಾಗಿಲುಗಳನ್ನು ತೋರಿಸುತ್ತದೆ. ಆದರೆ ತಾನಾಗಿ ಮುಚ್ಚುವುದಿಲ್ಲ. 443ರ ಎದುರು ಅದೇ `0.0.0.0/0` ಇದ್ದರೆ ಅದು ತಪ್ಪಲ್ಲ, ಎಲ್ಲರೂ ನೋಡಬೇಕಾದ ವೆಬ್‌ಸೈಟಿಗೆ ಅದು ಬೇಕೇ ಬೇಕು. ಯಾವ ಬಾಗಿಲನ್ನು ಯಾರಿಗಾಗಿ ತೆರೆದಿದ್ದೀರಿ ಎಂಬುದು ನಿಮ್ಮ ಮನಸ್ಸಿನಲ್ಲಿರುವ ಉದ್ದೇಶ. ಒಳಗಿರುವುದು ರೈತರ ಬ್ಯಾಂಕ್ ಖಾತೆಯೋ ಕಾಲೇಜು ಹುಡುಗರ ಅಭ್ಯಾಸದ ಲೆಕ್ಕವೋ ಎಂಬುದು ಪೂರೈಕೆದಾರರಿಗೆ ತಿಳಿದಿರುವುದಿಲ್ಲ, ತಿಳಿಯಲು ಒಳಗೆ ಇಣುಕುವುದನ್ನು ಯಾವ ಗ್ರಾಹಕರೂ ಒಪ್ಪುವುದಿಲ್ಲ. ಗೆರೆ ಅಲ್ಲೇ ಏಕಿದೆ ಎಂಬುದಕ್ಕೆ ಇದೇ ಕಾರಣ: ಉದ್ದೇಶ ಗೊತ್ತಿರುವವರಿಗೆ ಮಾತ್ರ ತೀರ್ಮಾನಿಸಲು ಸಾಧ್ಯವಾದದ್ದು ಗ್ರಾಹಕರ ಪಾಲಿಗೆ ಬಂದಿದೆ.

ಸರಿಪಡಿಸುವುದು ಕಷ್ಟವಲ್ಲ. ಆ ಎರಡು ಸಾಲುಗಳನ್ನು ತೆಗೆದುಹಾಕಿ, ಇಂಜಿನಿಯರ್ ವಿಪಿಎನ್ ಎಂಬ ಖಾಸಗಿ ದಾರಿಯ ಮೂಲಕ ಮಾತ್ರ ಒಳಬರುವಂತೆ ಮಾಡಬೇಕು. ಡೇಟಾಬೇಸಿನ ಬಾಗಿಲು ಇಂಟರ್ನೆಟ್ಟಿನತ್ತ ತೆರೆದಿರಬೇಕಾದ ಅಗತ್ಯ ಮಂಡಿಗೆ ಎಂದೂ ಬರುವುದಿಲ್ಲ.

## ಎರಡನೆಯ ರೀತಿ: ನಿರ್ವಹಣೆ ಸಮೇತ ಡೇಟಾಬೇಸ್

ಅದೇ ಲೆಕ್ಕವನ್ನು ಅಮೆಜಾನ್‌ನ ಆರ್‌ಡಿಎಸ್ ಎಂಬ ಸೇವೆಯಲ್ಲಿ ಇಟ್ಟರೆ ಗೆರೆ ಮೇಲಕ್ಕೆ ಸರಿಯುತ್ತದೆ. ಈಗ ಉಬುಂಟು ಹಾಕುವ ಕೆಲಸವೇ ಇಲ್ಲ. ಯಂತ್ರದ ಕಾರ್ಯಾಚರಣಾ ವ್ಯವಸ್ಥೆಯನ್ನು ಪೂರೈಕೆದಾರರು ನೋಡಿಕೊಳ್ಳುತ್ತಾರೆ. ವಾರದ ಇಂಥ ದಿನ ಇಂಥ ಹೊತ್ತಿನಲ್ಲಿ ರಿಪೇರಿ ಮಾಡಬಹುದು ಎಂದು ಗ್ರಾಹಕರು ಹೇಳಿಟ್ಟರೆ ಡೇಟಾಬೇಸಿನ ಸಣ್ಣ ತಿದ್ದುಪಡಿಗಳನ್ನೂ ಅವರೇ ಹಾಕುತ್ತಾರೆ. ಹರಾಜು ನಡೆಯುವ ಬೆಳಗಿನ ಹೊತ್ತನ್ನು ಕೊಡದಿರುವುದು ಜಾಣತನ.

ಗ್ರಾಹಕರ ಪಾಲಿನಲ್ಲಿ ಉಳಿದದ್ದು ಕಡಿಮೆ, ಆದರೆ ಉಳಿದದ್ದು ಹಳೆಯದೇ. 3306ನ್ನು ಯಾರಿಗೆ ತೆರೆಯಬೇಕು, ಪಾಸ್‌ವರ್ಡ್ ಏನು, ಪಟ್ಟಿ ಬರೆಯುವ ಗುಮಾಸ್ತರ ಲಾಗಿನ್‌ಗೆ ಹಳೆಯ ಲೆಕ್ಕ ಅಳಿಸುವ ಅಧಿಕಾರ ಇರಬೇಕೇ, ಇವೆಲ್ಲ ಈಗಲೂ ಮಂಡಿಯ ಕಡೆಯವೇ. ಬ್ಯಾಕಪ್‌ನ ಯಂತ್ರಾಂಗ ಪೂರೈಕೆದಾರರದ್ದು, ಎಷ್ಟು ದಿನ ಇಟ್ಟುಕೊಳ್ಳಬೇಕೆಂಬ ತೀರ್ಮಾನ ಗ್ರಾಹಕರದ್ದು. ಆರ್‌ಡಿಎಸ್‌ನಲ್ಲಿ ಅದನ್ನು 35 ದಿನದವರೆಗೆ ಇಡಬಹುದು. ಸೊನ್ನೆ ಎಂದು ಕೊಟ್ಟರೆ ಸ್ವಯಂಚಾಲಿತ ಬ್ಯಾಕಪ್ ನಿಂತೇಹೋಗುತ್ತದೆ.

## ಮೂರನೆಯ ರೀತಿ: ಸಿದ್ಧ ತಂತ್ರಾಂಶ

ಸಣ್ಣ ಮಂಡಿಯೊಂದು ಸರ್ವರಿನ ಗೋಜಿಗೇ ಹೋಗದೆ ರೈತರ ಲೆಕ್ಕವನ್ನು ಗೂಗಲ್ ಶೀಟ್‌ನಲ್ಲಿ ಇಟ್ಟಿತೆನ್ನಿ. ಈಗ ಯಂತ್ರ, ವ್ಯವಸ್ಥೆ, ಡೇಟಾಬೇಸ್, ತಂತ್ರಾಂಶ ಎಲ್ಲವೂ ಗೂಗಲ್‌ನದ್ದು. ಇನ್ನು ಗ್ರಾಹಕರಿಗೆ ಏನೂ ಉಳಿದಿಲ್ಲ ಎಂದು ಅನಿಸುವುದು ಇಲ್ಲೇ.

ಉಳಿದದ್ದು ಎರಡು. ಖಾತೆಗೆ ಯಾರು ಲಾಗಿನ್ ಆಗಬಹುದು ಎಂಬುದು ಮತ್ತು ಶೀಟನ್ನು ಯಾರೊಂದಿಗೆ ಹಂಚಿದ್ದೀರಿ ಎಂಬುದು. ಮುಳಬಾಗಿಲಿನ ಶಾಖೆಯವರಿಗೆ ತೆರೆಯುತ್ತಿಲ್ಲವೆಂದು ಹಂಚಿಕೆಯನ್ನು `Anyone with the link` ಎಂದು ಬದಲಾಯಿಸಿ, ಆ ಲಿಂಕನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ, ಗುಂಪು ಬಿಟ್ಟುಹೋದ ಗುಮಾಸ್ತನೂ ಅವನಿಂದ ಲಿಂಕ್ ಪಡೆದವನೂ ಲಾಗಿನ್ ಇಲ್ಲದೆಯೇ ಬ್ಯಾಂಕ್ ಖಾತೆಗಳನ್ನು ಓದಬಹುದು. ಗೂಗಲ್‌ನ ಸುರಕ್ಷತೆಯಲ್ಲಿ ಒಂದು ಕೂದಲೂ ಕೊಂಕಿಲ್ಲ, ಮಾಹಿತಿ ಮಾತ್ರ ಹೊರಗಿದೆ. ಈ ಬಗೆಯ ಸೋರಿಕೆಗೆ ಕನ್ನಗಳ್ಳನೇ ಬೇಕಿಲ್ಲದಿರುವುದರಿಂದ ಇದು ಪತ್ತೆಯಾಗುವುದೂ ತಡವಾಗಿ.

ಮೂರು ರೀತಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ವಿಷಯ ಎದ್ದು ಕಾಣುತ್ತದೆ. ಹೆಚ್ಚು ಸಿದ್ಧವಾದ ಸೇವೆ ತೆಗೆದುಕೊಂಡಷ್ಟೂ ತಿದ್ದುಪಡಿ ಹಾಕುವಂಥ ಕೆಲಸಗಳು ಪೂರೈಕೆದಾರರತ್ತ ಸರಿಯುತ್ತವೆ. ಮಾಹಿತಿ, ಲಾಗಿನ್‌ಗಳು, ಯಾರಿಗೆ ಎಷ್ಟು ಅಧಿಕಾರ ಎಂಬ ತೀರ್ಮಾನ ಯಾವ ರೀತಿಯಲ್ಲೂ ಸರಿಯುವುದಿಲ್ಲ.

ಪೂರೈಕೆದಾರರು ಗ್ರಾಹಕರ ಪಾಲಿನ ಕೆಲಸವನ್ನು ಹಗುರ ಮಾಡುವುದೂ ಉಂಟು. ಅಮೆಜಾನ್‌ನಲ್ಲಿ ಕಡತಗಳನ್ನು ಇಡುವ ಎಸ್3 ಸೇವೆಯನ್ನೇ ನೋಡಿ. 2023ರ ಏಪ್ರಿಲ್‌ನಿಂದ ಅಲ್ಲಿ ಹೊಸದಾಗಿ ತೆರೆಯುವ ಪ್ರತಿ ಉಗ್ರಾಣವೂ ಸಾರ್ವಜನಿಕರಿಗೆ ಮುಚ್ಚಿದ ಸ್ಥಿತಿಯಲ್ಲೇ ಹುಟ್ಟುತ್ತದೆ. ಅದಕ್ಕೂ ಮೊದಲು ತೆರೆದವುಗಳನ್ನು ಅದು ಮುಟ್ಟಲಿಲ್ಲ. 2019ರಲ್ಲಿ ಆಧಾರ್ ಚಿತ್ರಗಳಿಗೆಂದು ತೆರೆದ ಉಗ್ರಾಣ ಅಂದು ಹೇಗಿತ್ತೋ ಇಂದೂ ಹಾಗೆಯೇ ಇರಬಹುದು. ಒಳಹೊಕ್ಕು ನೋಡಬೇಕಾದವರು ಅದನ್ನು ತೆರೆದವರೇ.

## ಬ್ಯಾಕಪ್ ಯಾರದ್ದು

ಪೂರೈಕೆದಾರರ ಪಾಲಿನ ಕೆಲಸವೇ ಕೈಕೊಟ್ಟರೆ? 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಪೂರೈಕೆದಾರರ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ನಾಶವಾಯಿತು. ಕಟ್ಟಡ ಕಾಯುವುದು ನಿಸ್ಸಂದೇಹವಾಗಿ ಪೂರೈಕೆದಾರರ ಹೊಣೆ. ಆದರೂ ಬೇರೆ ಊರಿನಲ್ಲಿ ಪ್ರತಿ ಇಟ್ಟುಕೊಳ್ಳದ ಹಲವು ಗ್ರಾಹಕರ ಮಾಹಿತಿ ಮರಳಿ ಬರಲಿಲ್ಲ. ಹೊಣೆ ಯಾರದ್ದೆಂಬ ವಾದ ಆಮೇಲೆ ನ್ಯಾಯಾಲಯಕ್ಕೂ ಹೋಯಿತು. ವಾದದಲ್ಲಿ ಗೆದ್ದರೂ ಸುಟ್ಟ ಡಿಸ್ಕಿನಲ್ಲಿದ್ದದ್ದು ಹಿಂದಿರುಗುವುದಿಲ್ಲ.

ಪ್ರತಿ ಇದ್ದರೆ ಸಾಲದು, ಅದು ಎಲ್ಲಿದೆ ಎಂಬುದೂ ಮುಖ್ಯ. ಕೋಡ್ ಸ್ಪೇಸಸ್ ಎಂಬ ಕಂಪನಿ ತನ್ನ ಗ್ರಾಹಕರ ಪ್ರೋಗ್ರಾಂಗಳನ್ನು ಅಮೆಜಾನ್‌ನಲ್ಲಿ ಇಟ್ಟು ಕಾಯುತ್ತಿತ್ತು. 2014ರ ಜೂನ್‌ನಲ್ಲಿ ಒಬ್ಬ ಅದರ ನಿಯಂತ್ರಣ ಫಲಕದೊಳಗೆ ಹೊಕ್ಕು ಹಣ ಕೇಳಿದ. ಕಂಪನಿ ಖಾತೆಯನ್ನು ಮರಳಿ ವಶಕ್ಕೆ ಪಡೆಯಲು ಹೊರಟಾಗ ಅವನು ಸರ್ವರ್‌ಗಳ ಜೊತೆಗೆ ಬ್ಯಾಕಪ್‌ಗಳನ್ನೂ ಅಳಿಸುತ್ತಾ ಹೋದ. ಪ್ರತಿಗಳೂ ಅದೇ ಖಾತೆಯಲ್ಲಿದ್ದವು, ಅದೇ ಲಾಗಿನ್ ಅವನ್ನೂ ತೆರೆಯುತ್ತಿತ್ತು. ಕಂಪನಿ ಮುಚ್ಚಿಹೋಯಿತು. ಅಮೆಜಾನ್‌ನ ಕಣ್ಣಿಗೆ ಅಳಿಸುತ್ತಿದ್ದವನು ಸರಿಯಾದ ಪಾಸ್‌ವರ್ಡ್ ಕೊಟ್ಟು ಬಂದ ಮಾಲೀಕನೇ.

ಮಂಡಿಯ ಮಟ್ಟಕ್ಕೆ ಇಳಿಸಿದರೆ ಇದರರ್ಥ ಸರಳ. ವಾರಕ್ಕೊಮ್ಮೆಯಾದರೂ ಲೆಕ್ಕದ ಒಂದು ಪ್ರತಿ ಬೇರೆ ಲಾಗಿನ್ ಇರುವ ಬೇರೆ ಖಾತೆಗೆ ಹೋಗಬೇಕು. ಮುಖ್ಯ ಖಾತೆಗೆ ಪಾಸ್‌ವರ್ಡ್ ಜೊತೆಗೆ ಮೊಬೈಲ್ ಆ್ಯಪ್‌ನಲ್ಲಿ ಬರುವ ಸಂಖ್ಯೆಯನ್ನೂ ಕೇಳುವಂತೆ ಇಡಬೇಕು. ಪ್ರತಿಯಿಂದ ಲೆಕ್ಕ ನಿಜವಾಗಿ ತೆರೆದುಕೊಳ್ಳುತ್ತದೆಯೇ ಎಂದು ಸೀಸನ್ ಇಲ್ಲದ ಹೊತ್ತಿನಲ್ಲಿ ಒಮ್ಮೆ ತೆರೆದು ನೋಡಬೇಕು.

## ಕಾನೂನು ಯಾರನ್ನು ಕೇಳುತ್ತದೆ

ಪೂರೈಕೆದಾರರ ಒಪ್ಪಂದ ಕೆಲಸವನ್ನು ಹಂಚುತ್ತದೆ. 2023ರ ಕಾಯ್ದೆ ಉತ್ತರ ಕೊಡಬೇಕಾದವರನ್ನು ಬೇರೆಯೇ ರೀತಿಯಲ್ಲಿ ಗುರುತಿಸುತ್ತದೆ. ರೈತರ ಮಾಹಿತಿಯನ್ನು ಯಾವ ಉದ್ದೇಶಕ್ಕೆ, ಹೇಗೆ ಬಳಸಬೇಕೆಂದು ತೀರ್ಮಾನಿಸಿದವರು ಯಾರೋ ಅವರೇ ಹೊಣೆ. ಅವರ ಪರವಾಗಿ ಆ ಮಾಹಿತಿಯನ್ನು ಇಟ್ಟುಕೊಂಡಿರುವವರು ಮಾಡುವ ಕೆಲಸಕ್ಕೂ ಅವರೇ ಹೊಣೆ. ಇಲ್ಲಿ ತೀರ್ಮಾನಿಸಿದವರು ಮಂಡಿಯವರು. "ಅದೆಲ್ಲ ಕ್ಲೌಡ್‌ನವರದ್ದು" ಎಂಬ ಉತ್ತರ ನಡೆಯುವುದಿಲ್ಲ. ತಕ್ಕ ಭದ್ರತಾ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಅದು ಗರಿಷ್ಠ ಮಿತಿ. ಲೋಪದ ಗಾತ್ರ, ಪರಿಣಾಮ ನೋಡಿ ಮೊತ್ತ ತೀರ್ಮಾನವಾಗುತ್ತದೆ.

ನಿಯಮಗಳಲ್ಲಿ ಒಂದು ಅಂಶ ಹಂಚಿಕೆಯ ಗೆರೆಯನ್ನು ಚೆನ್ನಾಗಿ ತೋರಿಸುತ್ತದೆ. ಯಾರು ಯಾವಾಗ ಒಳಬಂದರು ಎಂಬ ದಾಖಲೆಯನ್ನು, ಅಂದರೆ ಲಾಗ್‌ಗಳನ್ನು, ಒಂದು ವರ್ಷ ಉಳಿಸಿಕೊಳ್ಳಬೇಕು. ಅಮೆಜಾನ್ ತನ್ನ ಫಲಕದಲ್ಲಿ ನಡೆದ ಬದಲಾವಣೆಗಳ ದಾಖಲೆಯನ್ನು ತಾನಾಗಿ ತೋರಿಸುವುದು 90 ದಿನದ್ದು ಮಾತ್ರ. ಹೆಚ್ಚು ಕಾಲ ಇಡುವ ಸೌಲಭ್ಯ ಇದೆ, ಹೇಳಿದರೆ ಇಡುತ್ತದೆ, ಜಾಗದ ಖರ್ಚು ಬೇರೆ. ಸೋರಿಕೆ ಆರು ತಿಂಗಳ ಮೇಲೆ ಬೆಳಕಿಗೆ ಬಂದರೆ ಆ ಗುಂಡಿ ಒತ್ತಿರದ ಮಂಡಿಯ ಬಳಿ ಏನಾಯಿತೆಂದು ಹೇಳುವ ಒಂದು ಸಾಲೂ ಇರುವುದಿಲ್ಲ.

## ನಡುವೆ ನಿಂತವರು

ಪೂರೈಕೆದಾರರ ಚಿತ್ರಗಳಲ್ಲಿ ಇಬ್ಬರೇ ಇರುತ್ತಾರೆ: ಅವರು ಮತ್ತು ಗ್ರಾಹಕರು. ಕೋಲಾರದಲ್ಲಾಗಲಿ ಶಿಡ್ಲಘಟ್ಟದ ರೇಷ್ಮೆಗೂಡಿನ ವ್ಯಾಪಾರದಲ್ಲಾಗಲಿ ಮೂವರಿದ್ದಾರೆ. ಅಮೆಜಾನ್‌ಗೆ ಗ್ರಾಹಕ ಎಂದರೆ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿ. ಮಂಡಿ ಅದರ ಪುಸ್ತಕದಲ್ಲೇ ಇಲ್ಲ. ಹೀಗಾಗಿ "ಗ್ರಾಹಕರ ಪಾಲು" ಎಂದು ಇಲ್ಲಿಯವರೆಗೆ ಹೇಳಿದ ಫೈರ್‌ವಾಲ್, ತಿದ್ದುಪಡಿ, ಬ್ಯಾಕಪ್, ಲಾಗ್ ಎಲ್ಲವೂ ಆ ಕಂಪನಿಯ ಕೈಯಲ್ಲಿವೆ. ಮಂಡಿಯವರು ಅವನ್ನು ಕಣ್ಣಿಂದ ಕಂಡಿರುವುದಿಲ್ಲ, ಕಂಪನಿಯವರು ಬಾಯಿಬಿಟ್ಟು ಒಪ್ಪಿಕೊಂಡಿರುವುದಿಲ್ಲ. ವಾರ್ಷಿಕ ನಿರ್ವಹಣಾ ಒಪ್ಪಂದ ಎಂದು ಹಣ ಪಡೆಯುವ ಕಾಗದದಲ್ಲಿ ಸಾಮಾನ್ಯವಾಗಿ ಇರುವುದು ಫೋನ್ ಮಾಡಿದರೆ ಬರುತ್ತೇವೆ ಎಂಬಷ್ಟೇ. ನನ್ನ ಮಟ್ಟಿಗೆ ಅತಿ ಹೆಚ್ಚು ಕೆಲಸಗಳು ಯಾರದ್ದೂ ಅಲ್ಲದಂತೆ ಬಿದ್ದಿರುವುದು ಈ ಕಾಗದದಲ್ಲೇ.

ಹೊಸ ನಿಯಮಗಳೂ ಮಂಡಿಯಂಥವರು ತಮ್ಮ ಪರವಾಗಿ ಮಾಹಿತಿ ಇಟ್ಟುಕೊಂಡವರೊಂದಿಗಿನ ಒಪ್ಪಂದದಲ್ಲಿ ಭದ್ರತೆಯ ಷರತ್ತುಗಳು ಇರಬೇಕೆನ್ನುತ್ತವೆ. ಭಾಷೆ ದೊಡ್ಡದಾಗಿರಬೇಕಿಲ್ಲ. ಸರ್ವರಿಗೆ ತಿದ್ದುಪಡಿ ಹಾಕುವವರು ಯಾರು, ಎಷ್ಟು ದಿನಕ್ಕೊಮ್ಮೆ. ಡೇಟಾಬೇಸ್ ಇಂಟರ್ನೆಟ್ಟಿಗೆ ತೆರೆದಿಲ್ಲವೆಂದು ಫೈರ್‌ವಾಲ್‌ನ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ತೋರಿಸುವವರು ಯಾರು. ಸೋರಿಕೆ ಕಂಡರೆ ಮಂಡಿಗೆ ಎಷ್ಟು ಗಂಟೆಯೊಳಗೆ ತಿಳಿಸಬೇಕು. ಇಷ್ಟನ್ನು ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಹಾಕಿದರೂ ಆದೀತು.

ಅದಕ್ಕೂ ಮೊದಲು ಕೇಳಬೇಕಾದದ್ದು ಕ್ಲೌಡ್ ಖಾತೆ ಯಾರ ಇಮೇಲ್ ವಿಳಾಸದಲ್ಲಿ ತೆರೆದಿದೆ ಎಂಬುದನ್ನು. ಬಹಳ ಸಲ ಅದು ಕಂಪನಿಯ ಯಾವನೋ ಒಬ್ಬ ಹುಡುಗನ ಸ್ವಂತ ಇಮೇಲ್ ಆಗಿರುತ್ತದೆ. ಅವನು ಕೆಲಸ ಬಿಟ್ಟರೆ ಮಂಡಿಯ ಲೆಕ್ಕದ ಮೂಲ ಬೀಗದ ಕೈ ಅವನೊಂದಿಗೇ ಹೋಗುತ್ತದೆ, ಕಂಪನಿ ಬಾಗಿಲು ಹಾಕಿದರೆ ಬಾಡಿಗೆ ಕಟ್ಟುವವರಿಲ್ಲದೆ ಸರ್ವರ್ ನಿಲ್ಲುತ್ತದೆ. ಖಾತೆಯನ್ನು ಮಂಡಿಯ ಇಮೇಲ್‌ನಲ್ಲಿ, ಮಂಡಿಯ ಕಾರ್ಡಿನಲ್ಲಿ ತೆರೆದು, ಇಂಜಿನಿಯರನಿಗೆ ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರುವ ಪ್ರತ್ಯೇಕ ಲಾಗಿನ್ ಕೊಡಬಹುದು. ಒಪ್ಪಂದ ಮುಗಿದ ದಿನ ಆ ಒಂದು ಲಾಗಿನ್ ತೆಗೆದರೆ ಸಾಕು. ಸರ್ವರ್, ಲೆಕ್ಕ, ಬ್ಯಾಕಪ್ ಇದ್ದಲ್ಲೇ ಇರುತ್ತವೆ, ಮುಂದಿನ ಇಂಜಿನಿಯರ್ ಅಲ್ಲಿಂದಲೇ ಕೆಲಸ ಶುರು ಮಾಡುತ್ತಾನೆ.